ಕೊನೆಯ ಪೆಗ್ಗಿಗೆ ಮೊದಲೇ ಬಿಲ್ಲು

ಕೊಡಗಿನ ನಮ್ಮ ಬಾರ್‌ನಲ್ಲಿ ಈಗ ಬೌನ್ಸರ್‌ಗಳಿಲ್ಲ. ಇದ್ದ ಇಬ್ಬರನ್ನೂ ಕೈಬಿಟ್ಟಾಗ ಗೋಣಿಕೊಪ್ಪಲಿನ ಕಡೆಯ ಬಾರ್ ಮಾಲೀಕರು, ‘ದಸರಾ ಬರಲಿ, ಆಗ ಗೊತ್ತಾಗುತ್ತದೆ’ ಎಂದು ನಕ್ಕಿದ್ದರು. ದಸರಾ ಬಂತು, ಹೋಯಿತು. ಡಿಸೆಂಬರ್ ಕೊನೆಯ ವಾರವೂ ಕಳೆಯಿತು. ಈಗ ಅವರಲ್ಲೇ ಕೆಲವರು ತಮ್ಮ ಸಪ್ಲೈಯರ್‌ಗಳನ್ನು ನನ್ನ ಬಳಿ ಕಳುಹಿಸಿ, ಕುಡಿದು ಗಲಾಟೆ ಮಾಡುವವರನ್ನು ಹೇಗೆ ನಿಭಾಯಿಸುತ್ತೇನೆಂದು ನೋಡಿಕೊಂಡು ಬರಲು ಹೇಳುತ್ತಾರೆ. ಆದ್ದರಿಂದ ನಾನೇ ಬರೆದುಬಿಡುತ್ತೇನೆ.

ಬೌನ್ಸರ್‌ಗಳಿಗೆ ತಿಂಗಳಿಗೆ ತಲಾ ಹದಿನೆಂಟು ಸಾವಿರದಷ್ಟು ಕೊಡುತ್ತಿದ್ದೆ. ಗಲಾಟೆ ಮಾಡಿದವನನ್ನು ಅವರು ಹೊರಗೆ ತಳ್ಳುತ್ತಿದ್ದರು, ನಿಜ. ಹಾಗೆ ತಳ್ಳಿಸಿಕೊಂಡ ಒಬ್ಬ ಅರ್ಧ ಗಂಟೆಯಲ್ಲಿ ನಾಲ್ಕು ಜನರನ್ನು ಕರೆದುಕೊಂಡು ಬಂದು ಕೂಲರ್‌ನ ಗಾಜಿನ ಬಾಗಿಲನ್ನು ಒಡೆದ. ಆ ಬಾಗಿಲಿಗೇ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ನಮ್ಮ ಕಡೆ ರಾತ್ರಿ ಹತ್ತರ ಮೇಲೆ ತೋಟದ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ತೂರಾಡುವವನನ್ನು ಆ ಕತ್ತಲಿಗೆ ತಳ್ಳಿ ಬಾಗಿಲು ಹಾಕಿದರೆ ಗಲಾಟೆ ಮುಗಿದಂತಲ್ಲ.

ಪೊಲೀಸರ ಹೆದರಿಕೆಯನ್ನೂ ಪ್ರಯತ್ನಿಸಿದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರುಕುಳ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮಿನ ಪ್ರಕಾರ 24 ಗಂಟೆಯವರೆಗೆ ಸಾದಾ ಸೆರೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ ಎಂದಿದೆ. ಹಳೆಯ ದಂಡ ಸಂಹಿತೆಯಲ್ಲಿ ಆ ದಂಡ ಹತ್ತು ರೂಪಾಯಿ ಇತ್ತು! ಆದರೆ ಐದು ಪೆಗ್ ಹಾಕಿದವನಿಗೆ ಕಲಮು ಹೇಳಿ ಪ್ರಯೋಜನವೇನು? ‘ಕರೆಸು, ಯಾರನ್ನು ಕರೆಸುತ್ತೀಯೋ ಕರೆಸು’ ಎಂದು ಇನ್ನಷ್ಟು ಏರುತ್ತಾನೆ.

ದಾರಿ ಸಿಕ್ಕಿದ್ದು ಗಡಿಯಾರ ನೋಡಲು ಶುರುಮಾಡಿದ ಮೇಲೆ. ವಿಸ್ಕಿ, ರಮ್‌ನಂಥ ಹಾಟ್‌ನ 30 ಎಂ.ಎಲ್. ಪೆಗ್ಗಿನಲ್ಲಿ ಸುಮಾರು ಹತ್ತು ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನು ಕರಗಿಸಲು ಯಕೃತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಕುಡಿದದ್ದು ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಹಿಡಿಯುತ್ತದೆ, ಖಾಲಿ ಹೊಟ್ಟೆಯಾದರೆ ಬೇಗ. ಅಂದರೆ ಒಬ್ಬ ಮೊದಲ ಬೈಗುಳ ಬಾಯಿಂದ ತೆಗೆಯುವ ಹೊತ್ತಿಗೆ ಅವನ ಕೊನೆಯ ಎರಡು ಪೆಗ್ ಇನ್ನೂ ತಲೆಗೆ ಹೋಗಿರುವುದಿಲ್ಲ. ಆಗ ಕೊಡುವುದನ್ನು ನಿಲ್ಲಿಸಿದರೂ ಮುಂದಿನ ಅರ್ಧ ಗಂಟೆ ಅವನು ಹೆಚ್ಚೇ ಆಗುತ್ತಾನೆ. ನಡಿಗೆ ನೋಡಿ ನಿಲ್ಲಿಸುವವರು ಯಾವಾಗಲೂ ತಡಮಾಡಿರುತ್ತಾರೆ. ಆರ್ಡರ್ ಚೀಟಿ ನೋಡಿ ನಿಲ್ಲಿಸಬೇಕು.

ಈಗ ನಮ್ಮ ಸಪ್ಲೈಯರ್ ಚೀಟಿಯ ಹಿಂದೆ ಪ್ರತಿ ತಲೆಗೂ ಪೆಗ್ಗಿಗೆ ಒಂದರಂತೆ ಗೀಟು ಹಾಕುತ್ತಾನೆ, ಬದಿಗೆ ಸಮಯ ಬರೆಯುತ್ತಾನೆ. ಗಂಟೆಯೊಳಗೆ ಮೂರು ಸಿಕ್ಸ್ಟಿ, ಅಂದರೆ ಆರು ಪೆಗ್ ದಾಟಿದರೆ ನನಗೆ ತಿಳಿಸಬೇಕು. ಗ್ಲಾಸ್ ಖಾಲಿಯಾಗುವ ಮೊದಲೇ ಮುಂದಿನದನ್ನು ಹೇಳುವುದು, ತರಿಸಿದ್ದನ್ನೇ ಮತ್ತೆ ತರಿಸುವುದು, ಪಕ್ಕದ ಟೇಬಲ್‌ನವರನ್ನು ಮಾತಿಗೆ ಎಳೆಯುವುದು, ಈ ಮೂರರಲ್ಲಿ ಎರಡು ಕಂಡರೆ ಗೀಟು ಕಡಿಮೆ ಇದ್ದರೂ ತಿಳಿಸಬೇಕು. ನನಗೆ ತಿಳಿದ ಕೂಡಲೇ ಆ ಟೇಬಲ್‌ಗೆ ಊಟ ಮುಂದೆ ಹೋಗುತ್ತದೆ, ಪೆಗ್ ಹಿಂದೆ ಬೀಳುತ್ತದೆ. ಮತ್ತು ಅಲ್ಲಿಯವರೆಗಿನ ಬಿಲ್ಲು ಆಗಲೇ ಆಗಿಬಿಡುತ್ತದೆ. ‘ಸರ್, ಕೌಂಟರಿನ ಲೆಕ್ಕ ಮುಗಿಸುತ್ತಿದ್ದೇವೆ, ಇಲ್ಲಿಗೆ ಒಂದು ಬಿಲ್ ಮಾಡಲೇ?’ ಎಂದರೆ ಮಾತು ನೇರವಾಗಿರುವ ಹೊತ್ತಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ. ನಮ್ಮಲ್ಲಿ ಅರ್ಧ ಜಗಳ ಹುಟ್ಟುತ್ತಿದ್ದುದೇ ಕೊನೆಯ ಬಿಲ್ಲಿನಲ್ಲಿ. ಮೊದಲು ತಿಂಗಳಿಗೆ ಎಂಟು ಹತ್ತು ಸಾವಿರ ಹೀಗೆ ಮುಳುಗುತ್ತಿತ್ತು, ಈಗ ಸಾವಿರ ದಾಟುವುದು ಅಪರೂಪ.

ಒಂದು ಪ್ರಸಂಗ ಹೇಳಿದರೆ ಉಳಿದದ್ದು ತಿಳಿಯುತ್ತದೆ. ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನ ಆರು ಜನ, ಸಿದ್ದಾಪುರದ ಕಡೆಯ ಹೋಮ್‌ಸ್ಟೇಯಲ್ಲಿ ಇಳಿದಿದ್ದರು. ಏಳೂವರೆಗೆ ಕುಳಿತವರು ಒಂಬತ್ತರ ಹೊತ್ತಿಗೆ ಜೋರಾಗಿದ್ದರು. ಹಳದಿ ಜಾಕೆಟ್‌ನವನ ಗೀಟು ಉಳಿದವರ ಎರಡರಷ್ಟಿತ್ತು. ಪಂದಿ ಕರಿ ತಡವಾಯಿತೆಂದು ಅವನು ನಮ್ಮ ಸಪ್ಲೈಯರ್ ಹುಡುಗನ ಮಣಿಕಟ್ಟು ಹಿಡಿದು ತಾಯಿಯ ಮೇಲೆ ಬೈದ. ಹುಡುಗ ಅಸ್ಸಾಮಿನವನು. ಅವನಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಆ ಬೈಗುಳ ಅರ್ಥವಾಗಲು ಭಾಷೆ ಬೇಕಿಲ್ಲ.

ಮೊದಲು ಹುಡುಗನನ್ನು ಅಡುಗೆಮನೆಗೆ ಕರೆಸಿಕೊಂಡೆ. ಆ ರಾತ್ರಿ ಅವನು ಆ ಟೇಬಲ್‌ಗೆ ಮತ್ತೆ ಹೋಗಲಿಲ್ಲ. ಬೈಸಿಕೊಂಡವನನ್ನೇ ಕ್ಷಮೆ ಕೇಳಲು ಕಳುಹಿಸುವ ಮಾಲೀಕರಿದ್ದಾರೆ. ಅದು ಹುಡುಗನಿಗೂ ಅವಮಾನ, ಕುಡಿದವನಿಗೂ ಹುರುಪು. ಆಮೇಲೆ ಟೇಬಲ್ ಬಳಿ ನಾನೊಬ್ಬನೇ ಹೋದೆ. ಮಾತನಾಡುವವರು ಒಬ್ಬರೇ ಇರಬೇಕು. ಎದುರಿಗೆ ನಿಲ್ಲದೆ ಅವನ ಪಕ್ಕಕ್ಕೆ ಓರೆಯಾಗಿ, ಅವನ ಕೈಗೆ ಸಿಗದಷ್ಟು ದೂರದಲ್ಲಿ ನಿಂತೆ. ಬಾಗಿಲು ನನ್ನ ಬೆನ್ನಿನ ಕಡೆ, ಕೈಗಳು ಹೊಟ್ಟೆಯ ಮಟ್ಟದಲ್ಲಿ ಬಿಚ್ಚಿಕೊಂಡು. ಮುಟ್ಟುವುದಿಲ್ಲ, ಹೆಗಲ ಮೇಲೆ ಸ್ನೇಹದಿಂದಲೂ ಕೈ ಹಾಕುವುದಿಲ್ಲ. ‘ಸಮಾಧಾನ ಮಾಡಿಕೊಳ್ಳಿ’ ಎಂಬ ಮಾತನ್ನು ನಮ್ಮಲ್ಲಿ ನಿಷೇಧಿಸಿದ್ದೇನೆ, ಅದನ್ನು ಕೇಳಿ ಸಮಾಧಾನವಾದವನನ್ನು ನಾನು ಕಂಡಿಲ್ಲ. ‘ಸರ್, ನಾನು ಇಲ್ಲಿಯ ಮಾಲೀಕ. ಕರಿ ಬಂದಿಲ್ಲವಂತೆ, ನಾನೇ ತರಿಸುತ್ತೇನೆ’ ಎಂದೆ, ಅವನಿಗಿಂತ ಮೆಲ್ಲನೆಯ ದನಿಯಲ್ಲಿ. ಅವನು ಕೇಳಿಸಿಕೊಳ್ಳಲು ಸ್ವಲ್ಪ ಬಗ್ಗಬೇಕಾಯಿತು. ಅಷ್ಟರಲ್ಲಿ ಇನ್ನೊಬ್ಬ ಸಪ್ಲೈಯರ್ ತಟ್ಟೆ ಹಾಕುವ ನೆಪದಲ್ಲಿ ಖಾಲಿ ಬಾಟಲಿ, ಗ್ಲಾಸ್, ಫೋರ್ಕುಗಳನ್ನು ಎತ್ತಿಕೊಂಡು ಹೋದ.

ನಿಜವಾದ ಕೆಲಸ ನಡೆದದ್ದು ಕೌಂಟರಿನಲ್ಲಿ. ಪ್ರತಿ ಗುಂಪಿನಲ್ಲಿಯೂ ಒಬ್ಬನಿರುತ್ತಾನೆ, ಎಲ್ಲರೂ ನಗುವಾಗ ನಗದೆ ಪಕ್ಕದ ಟೇಬಲ್‌ನವರ ಮುಖ ನೋಡುವವನು. ಅಂದು ಅವನು ಗೋಡೆಯ ಬದಿಯ ಕನ್ನಡಕದವನು. ಬಿಲ್ಲಿನ ವಿಷಯ ಎಂದು ಅವನನ್ನು ಕರೆಸಿ, ಗೆಳೆಯನಿಗೆ ಇನ್ನು ಮದ್ಯ ಕೊಡುವುದಿಲ್ಲ, ಊಟ ಎಷ್ಟು ಬೇಕಾದರೂ ಇದೆ ಎಂದು ಹೇಳಿದೆ. ಗೆಳೆಯರ ಎದುರು ಬೇಡ ಎನಿಸಿಕೊಂಡರೆ ಕುಡಿದವನು ಸೋಲಲಾರ, ಗೆಳೆಯನೇ ಎಳೆದುಕೊಂಡು ಹೋದರೆ ಸೋತಂತಾಗುವುದಿಲ್ಲ. ಆ ಕನ್ನಡಕದವನಿಗೆ ನಾನು ಹೇಳುವ ಮೊದಲ ವಾಕ್ಯವೊಂದಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಪಕ್ಕದ ಬಾರ್‌ನವರೂ ಇದನ್ನು ಓದುತ್ತಾರೆ.

ಹಳದಿ ಜಾಕೆಟ್ ಮತ್ತೆ ಪೆಗ್ ಕೇಳಿದ. ‘ಮದ್ಯ ಇವತ್ತಿಗೆ ಇಷ್ಟೇ ಸರ್. ಊಟ ಇಲ್ಲೇ ಬಡಿಸಲೇ, ಕಟ್ಟಿಕೊಡಲೇ?’ ಎಂದೆ. ತಾನು ಯಾರೆಂದು ಗೊತ್ತೇ ಎಂದ. ಅದೇ ವಾಕ್ಯ ಹೇಳಿದೆ. ಬಾರ್ ಮುಚ್ಚಿಸುತ್ತೇನೆ ಎಂದ. ಮತ್ತೆ ಅದೇ. ಹೊಸ ಕಾರಣ ಕೊಡಬಾರದು. ‘ಸಮಯವಾಯಿತು’ ಎಂದರೆ ಗಡಿಯಾರ ತೋರಿಸುತ್ತಾನೆ, ‘ನಿಮಗೆ ಹೆಚ್ಚಾಗಿದೆ’ ಎಂದರೆ ಎದ್ದು ನಡೆದು ತೋರಿಸುತ್ತಾನೆ. ಕಡಂಬುಟ್ಟು, ಬಿಸಿ ಕರಿ ಬಂದವು. ಇಪ್ಪತ್ತು ನಿಮಿಷದಲ್ಲಿ ಅವನ ಬಾಯಿಗೆ ಬೇರೆ ಕೆಲಸ ಸಿಕ್ಕಿತ್ತು.

ಉಳಿದದ್ದು ಕಾರಿನ ಕೀಲಿ. ಕೀಲಿ ಕಸಿಯಲು ಹೋದರೆ ಮುಗಿದದ್ದು ಮತ್ತೆ ಶುರುವಾಗುತ್ತದೆ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮು, ಮೊದಲ ಬಾರಿಗೇ ಹತ್ತು ಸಾವಿರ ದಂಡ ಎಂದು ಹೇಳುವುದೂ ವ್ಯರ್ಥ. ‘ಸಿದ್ದಾಪುರದ ರಸ್ತೆಯಲ್ಲಿ ರಾತ್ರಿ ಆನೆ ಇರುತ್ತದೆ ಸರ್, ನಮ್ಮ ಜೀಪಿನವನಿಗೆ ಅಭ್ಯಾಸವಿದೆ’ ಎಂದೆ. ಪೊಲೀಸರಿಗೆ ಹೆದರದವನೂ ಆನೆ ಎಂದರೆ ಒಮ್ಮೆ ಯೋಚಿಸುತ್ತಾನೆ, ಮತ್ತು ಅದು ಸುಳ್ಳೂ ಅಲ್ಲ. ಕನ್ನಡಕದವನೇ ಕೀಲಿ ಇಸಿದುಕೊಂಡ. ಕಾರು ನಮ್ಮ ಅಂಗಳದಲ್ಲಿ ಉಳಿಯಿತು. ಜೀಪಿಗೆ ಏಳುನೂರು ರೂಪಾಯಿ, ಅವರೇ ಕೊಟ್ಟರು. ಕೊಡದಿದ್ದರೆ ನಾನು ಕೊಡುತ್ತೇನೆ. ತಿಂಗಳಿಗೆ ನಾಲ್ಕೈದು ಸಾವಿರ ಅದಕ್ಕೆ ಹೋದರೂ ಬೌನ್ಸರ್ ಸಂಬಳದ ಮುಂದೆ ಅದೇನೂ ಅಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸ್ಟ್ರಾಂಗ್ ಕಾಫಿ ಕೊಟ್ಟು ನೋಡಿದೆ, ನಶೆ ಇಳಿಯಲಿಲ್ಲ, ನಿದ್ದೆ ಹೋಗಿ ಜಗಳಕ್ಕೆ ಇನ್ನಷ್ಟು ಚುರುಕಾದರು. ಪ್ಲಾಸ್ಟಿಕ್ ಗ್ಲಾಸ್ ಇಟ್ಟೆ, ಮರ್ಯಾದಸ್ಥ ಗಿರಾಕಿಗಳು ಮುಖ ತಿರುಗಿಸಿದರು. ದೀಪವನ್ನು ಒಮ್ಮೆಲೇ ಜೋರು ಮಾಡಿದರೆ ಎಲ್ಲರಿಗೂ ಸಿಟ್ಟು. ಆದರೆ ಹಾಡಿನ ದನಿಯನ್ನು ಹತ್ತು ನಿಮಿಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಟೇಬಲ್‌ಗಳ ಗದ್ದಲವೂ ಅದರೊಂದಿಗೆ ಇಳಿಯುತ್ತದೆ. ಇದನ್ನು ಈಗ ಪ್ರತಿ ಶನಿವಾರ ಮಾಡುತ್ತೇನೆ. ಪೆಗ್ಗಿಗೆ ನೀರು ಬೆರೆಸಿ ಕೊಡು ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಅದು ಮೋಸ, ಸಿಕ್ಕಿಬಿದ್ದರೆ ಸನ್ನದೂ ಉಳಿಯದು.

ಊರಿನವರಿಗೆ ವಿಧಾನ ಸ್ವಲ್ಪ ಬೇರೆ. ಅಲ್ಲಿ ಕನ್ನಡಕದವನ ಬದಲು ಮನೆಯ ಹಿರಿಯರು. ‘ಅಣ್ಣ, ಭಾವನಿಗೆ ಫೋನ್ ಮಾಡಿದ್ದೇನೆ, ಬರುತ್ತಿದ್ದಾರೆ’ ಎಂದರೆ ಸಾಕಾಗುತ್ತದೆ. ಹೆಂಡತಿಗೆ ಮಾತ್ರ ನಾನು ಫೋನ್ ಮಾಡುವುದಿಲ್ಲ, ಇಲ್ಲಿ ಇಳಿಯದ ಸಿಟ್ಟು ಮನೆಯಲ್ಲಿ ಅವಳ ಮೇಲೆ ಇಳಿಯುತ್ತದೆ. ಊರಿನವನೊಬ್ಬ ‘ಮನೆಗೆ ಹೋಗಿ ಬರುತ್ತೇನೆ, ನೋಡಿಕೊಳ್ಳುತ್ತೇನೆ’ ಎಂದು ಎದ್ದರೆ ಅದನ್ನು ಬಾಯಿಮಾತು ಎಂದು ಬಿಡುವುದಿಲ್ಲ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಕೂಡಲೇ ಹಿರಿಯರಿಗೆ ಫೋನ್, ಅವರು ಸಿಗದಿದ್ದರೆ 112. ಯಾರ ಕೈಯಲ್ಲಾದರೂ ಬಾಟಲಿ ಅಥವಾ ಚಾಕು ಕಂಡ ಕ್ಷಣವೇ ನನ್ನ ಈ ಮಾತಿನ ವಿದ್ಯೆಯೆಲ್ಲ ಮುಗಿಯಿತು. ಹುಡುಗರೂ ಉಳಿದ ಗಿರಾಕಿಗಳೂ ಅಡುಗೆಮನೆಯ ಬಾಗಿಲಿನಿಂದ ಹಿಂದಕ್ಕೆ, ಅವನಿಗೆ ಹೊರಬಾಗಿಲು ತೆರವು, ಫೋನ್ 112ಕ್ಕೆ. ಅಡ್ಡ ನಿಲ್ಲುವ ಶೂರತನ ಯಾರೂ ತೋರಿಸಬಾರದು.

ಗೀಟಿನ ಲೆಕ್ಕ ಇನ್ನೊಂದು ಕಡೆಯೂ ಉಪಕಾರಕ್ಕೆ ಬಂತು. ಒಬ್ಬ ತೋಟದ ಮಾಲೀಕರು ಬೆವರುತ್ತ, ಕೈ ನಡುಗಿಸುತ್ತ, ತೊದಲುತ್ತ ಎಲ್ಲರನ್ನೂ ಬೈಯಲು ಶುರುಮಾಡಿದರು. ಚೀಟಿ ನೋಡಿದರೆ ಒಂದೇ ಬಿಯರ್, ಊಟ ಮುಟ್ಟಿಲ್ಲ. ಕುಡಿತಕ್ಕೂ ಮಾತಿಗೂ ತಾಳೆಯಾಗಲಿಲ್ಲ. ಜೊತೆಗಿದ್ದವರನ್ನು ಕೇಳಿದರೆ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದರು. ರಕ್ತದ ಸಕ್ಕರೆ ತೀರಾ ಇಳಿದಿರಬೇಕು ಎನಿಸಿತು. ನುಂಗುವ ಎಚ್ಚರವಿತ್ತು, ಸಕ್ಕರೆ ಕದಡಿದ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಮಾತು ನೇರವಾಯಿತು, ಆಮೇಲೆ ಊಟ ಮಾಡಿಸಿ ವೈದ್ಯರಲ್ಲಿಗೆ ಕಳುಹಿಸಿದೆವು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಕರೆದರೂ ಅಲುಗಾಡಿಸಿದರೂ ಏಳದವನು ಕುಡಿದವನೇ ಆಗಿರಲಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡುತ್ತೇವೆ, ವಾಂತಿ ಉಸಿರಿಗೆ ಸಿಗದಿರಲೆಂದು ಪಕ್ಕದಲ್ಲೇ ಒಬ್ಬ ಕೂರುತ್ತಾನೆ. ಮಲಗಿಕೊಳ್ಳಲಿ ಎಂದು ಕಾರಿನಲ್ಲಿ ಬಿಟ್ಟುಬಿಡುವುದು ನಮ್ಮಲ್ಲಿಲ್ಲ.

ಇನ್ನೂ ಹಿಡಿತಕ್ಕೆ ಬಾರದವರು ಬೇರೆಲ್ಲೋ ಕುಡಿದು ನಮ್ಮಲ್ಲಿಗೆ ಬರುವವರು. ಅವರ ಗೀಟು ನಮ್ಮ ಚೀಟಿಯಲ್ಲಿ ಇರುವುದಿಲ್ಲವಲ್ಲ. ಸದ್ಯಕ್ಕೆ ಬಾಗಿಲಲ್ಲೇ ನಾನು ಎರಡು ಮಾತು ಆಡಿಸುತ್ತೇನೆ, ನಾಲಗೆ ತೊಡರಿದರೆ ಊಟದ ಕೋಣೆಯ ಟೇಬಲ್ ಕೊಟ್ಟು ಮೆನುವಿನ ಊಟದ ಹಾಳೆಯನ್ನು ಮಾತ್ರ ಕೈಗಿಡುತ್ತೇನೆ. ಹತ್ತರಲ್ಲಿ ಆರು ಜನ ಕುಳಿತು ಉಣ್ಣುತ್ತಾರೆ. ಉಳಿದ ನಾಲ್ವರು ಎದ್ದು ಪಕ್ಕದ ಬಾರ್‌ಗೆ ಹೋಗುತ್ತಾರೆ, ಆ ಬಾರ್‌ನವರು ಮರುದಿನ ನನಗೆ ಫೋನ್ ಮಾಡುತ್ತಾರೆ.