ಹಳೇ ಎಂಪ್ಲಾಯಿ ಲೀಗಲ್ ನೋಟೀಸಿಗೆ ರಿಪ್ಲೈ: ಒಂದಲ್ಲ, ಎರಡು ಲೆಟರ್ ಮಾಡಿ

ಸಣ್ಣ ಕಂಪನಿ ನಡೆಸೋರಿಗೆ ಒಂದು ಟಿಪ್. ಕೆಲಸ ಬಿಟ್ಟೋರಿಂದ ಲಾಯರ್ ನೋಟೀಸ್ ಬಂದ್ರೆ ಉತ್ತರ ಮತ್ತು ರಾಜಿ ಮಾತು ಒಂದೇ ಲೆಟರ್‌ನಲ್ಲಿ ಹಾಕ್ಬೇಡಿ. ಮೊದಲನೇದ್ರಲ್ಲಿ ನೋಟೀಸಿನ ಪ್ಯಾರಾ ನಂಬರ್ ಹಿಡ್ಕೊಂಡು ಒಂದೊಂದಕ್ಕೂ ಒಪ್ತೀವಿ, ಒಪ್ಪಲ್ಲ ಅಂತ ಬರೀರಿ, ಉದಾಹರಣೆಗೆ ಅವ್ರು 2,40,000 ಕೇಳಿದಾರೆ, ನೋಟೀಸ್ ಪೀರಿಯಡ್ ಸರ್ವ್ ಮಾಡಿಲ್ಲ ಅಂದ್ರೆ ಅಪಾಯಿಂಟ್‌ಮೆಂಟ್ ಲೆಟರ್‌ನ ಯಾವ ಷರತ್ತಿನ ಪ್ರಕಾರ 60,000 ಕಳೆದ್ವಿ ಅಂತ ಹೇಳಿ, ಕೊನೇಲಿ "ನಮ್ಮ ಎಲ್ಲಾ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ" ಅಂತ ಮುಗಿಸಿ, ಬೈಗುಳ ಬೇಡ, ನಾಳೆ ಜಡ್ಜ್ ಓದೋದು ಇದನ್ನೇ. ಸೆಟಲ್‌ಮೆಂಟ್ ಆಫರ್ ಇದ್ರೆ ಬೇರೆ ಲೆಟರ್, ಮೇಲ್ಗಡೆ "ವಿದೌಟ್ ಪ್ರಿಜುಡೀಸ್", ಅಂದ್ರೆ ಇದನ್ನ ನಮ್ಮ ವಿರುದ್ಧ ಸಾಕ್ಷಿಯಾಗಿ ಬಳಸಬಾರದು ಅನ್ನೋ ಷರತ್ತು. ಯಾಕಂದ್ರೆ ಸಿವಿಲ್ ಕೇಸಲ್ಲಿ ಆ ಷರತ್ತಿನ ಮೇಲೆ ಒಪ್ಪಿದ್ದನ್ನ ಸಾಮಾನ್ಯವಾಗಿ ಸಾಕ್ಷಿ ಮಾಡೋಕಾಗಲ್ಲ, ಅದೇ ಮೊದಲ ಲೆಟರ್‌ನಲ್ಲಿ "ಲ್ಯಾಪ್‌ಟಾಪ್ ಕೊಟ್ರೆ ಬಾಕಿ ಕೊಡ್ತೀವಿ" ಅಂತ ಸೈನ್ ಮಾಡಿದ್ರೆ ಬಾಕಿ ಒಪ್ಕೊಂಡ ಹಾಗೆ, ಲಿಮಿಟೇಶನ್ ಕಾಯ್ದೆ ಸೆಕ್ಷನ್ 18ರಲ್ಲಿ ಅವ್ರು ಕೇಸ್ ಹಾಕೋ ಅವಧಿ ಮತ್ತೆ ಹೊಸದಾಗಿ ಶುರುವಾಗಬಹುದು. ಆದ್ರೆ ನಿಜವಾಗ್ಲೂ ಕೊಡ್ಬೇಕಾದ ಸಂಬಳ ಹಿಡ್ಕೊಂಡಿದ್ರೆ ಈ ಉಪಾಯ ನಡೆಯಲ್ಲ, ತಕರಾರಿಲ್ಲದ ದುಡ್ಡು ಮೊದ್ಲು ಹಾಕಿ ಯುಟಿಆರ್ ನಂಬರನ್ನ ರಿಪ್ಲೈನಲ್ಲೇ ಬರೀರಿ.