ಐಸ್ ಡ್ರಮ್ಮಿನಲ್ಲಿ ಕೂತ ಹನ್ನೆರಡು ವಾರ

ನಾನು ಮೈಸೂರಿನಲ್ಲಿ ಕಬಡ್ಡಿ ಆಡುತ್ತೇನೆ. ಕಾಲಿನ ಬಲಕ್ಕೆಂದು ವಾರಕ್ಕೆ ಎರಡು ದಿನ ಜಿಮ್‌ನಲ್ಲಿ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವ ವ್ಯಾಯಾಮ, ಮಾಡುತ್ತೇನೆ. ಸ್ಕ್ವಾಟ್ ಮಾಡಿದ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಟಿವಿಯಲ್ಲಿ ಆಟಗಾರರು ಐಸ್ ನೀರಲ್ಲಿ ಕೂರುವುದನ್ನು ನೋಡಿ ನನಗೂ ಆಸೆಯಾಯಿತು. ಇನ್ನೂರು ಲೀಟರಿನ ನೀಲಿ ಡ್ರಮ್ ತಂದು ಹಿತ್ತಲಲ್ಲಿ ಇಟ್ಟೆ.

ಮೊದಲ ದಿನ ಫ್ರಿಜ್‌ನ ನಾಲ್ಕು ಟ್ರೇ ಐಸ್ ಸುರಿದೆ. ಥರ್ಮಾಮೀಟರ್ ಕದಲಲೇ ಇಲ್ಲ. ಆಮೇಲೆ ಲೆಕ್ಕ ಹಾಕಿದೆ. ನಮ್ಮ ಟ್ಯಾಂಕಿನ ನೀರು 26 ಡಿಗ್ರಿ ಇತ್ತು. 120 ಲೀಟರ್ ನೀರನ್ನು 14 ಡಿಗ್ರಿಗೆ ಇಳಿಸಲು ಸುಮಾರು 15 ಕೆಜಿ ಐಸ್ ಬೇಕು. ಮೈ ಬಿಸಿಯೂ ನೀರಿಗೆ ಸೇರುತ್ತದೆ, ಹಾಗಾಗಿ ಇನ್ನೆರಡು ಕೆಜಿ ಜಾಸ್ತಿ ಇರಲಿ. ಆಗಿನಿಂದ ಮೀನಿನವರಿಗೆ ಐಸ್ ಕೊಡುವ ಕಡೆಯಿಂದ ಗಡ್ಡೆ ತಂದು, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಲ್ಲಿ ಒಡೆದು ಹಾಕುತ್ತಿದ್ದೆ. ಸೊಂಟದವರೆಗೆ ನೀರು, ಹತ್ತು ನಿಮಿಷ. ಮೊದಲ ನಿಮಿಷ ಉಸಿರು ಕಟ್ಟಿದ ಹಾಗಾಗುತ್ತದೆ. ಅದಕ್ಕೇ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಲೇಬಾರದು.

ನೋವು ನಿಜವಾಗಿಯೂ ಕಡಿಮೆಯಾಯಿತು. ಸಣ್ಣ ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳೂ ಅದನ್ನೇ ಹೇಳುತ್ತವೆ: ಸುಮ್ನೆ ಕೂರುವುದಕ್ಕಿಂತ ತಣ್ಣೀರಲ್ಲಿ ಕೂತವರಿಗೆ ಮರುದಿನದ ಮೈಕೈ ನೋವು ಕಡಿಮೆ. ಆದರೆ ನನ್ನ ನೋಟ್‌ಬುಕ್ ಬೇರೆ ಕಥೆ ಹೇಳುತ್ತಿತ್ತು. ಐಸ್ ಇಲ್ಲದ ಮೂರು ತಿಂಗಳಲ್ಲಿ 70 ಕೆಜಿಯಿಂದ 80ಕ್ಕೆ ಬಂದಿದ್ದ ಸ್ಕ್ವಾಟ್, ಐಸ್ ಶುರುವಾದ ಹನ್ನೆರಡು ವಾರದಲ್ಲಿ 82.5ಕ್ಕೆ ಬಂದು ನಿಂತಿತ್ತು. ನೋವಿಲ್ಲ, ಆದರೆ ಬಲವೂ ಬರುತ್ತಿಲ್ಲ.

ಆಗ ಕಣ್ಣಿಗೆ ಬಿದ್ದದ್ದು 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ. ಇಪ್ಪತ್ತೊಂದು ಗಂಡಸರು, ಹನ್ನೆರಡು ವಾರ, ವಾರಕ್ಕೆರಡು ದಿನ ಕಾಲಿನ ವ್ಯಾಯಾಮ. ಅರ್ಧ ಜನ ಮುಗಿಸಿದ ಮೇಲೆ ಸುಮಾರು 10 ಡಿಗ್ರಿ ನೀರಲ್ಲಿ ಹತ್ತು ನಿಮಿಷ ಕೂತರು. ಉಳಿದವರು ಹತ್ತು ನಿಮಿಷ ನಿಧಾನವಾಗಿ ಸೈಕಲ್ ತುಳಿದರು. ಕೊನೆಗೆ ಸೈಕಲ್ ತುಳಿದವರ ತೊಡೆಯ ಸ್ನಾಯುವೂ ಬಲವೂ ಜಾಸ್ತಿ ಬೆಳೆದಿದ್ದವು. ಓದುವಾಗ ನನ್ನದೇ ನೋಟ್‌ಬುಕ್ ಓದಿದಂತಿತ್ತು.

ಕಾರಣವನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಭಾರ ಎತ್ತಿದ ಮೇಲೆ ಸ್ನಾಯುವಿನೊಳಗೆ ‘ಇನ್ನೂ ಗಟ್ಟಿಯಾಗಬೇಕು’ ಅನ್ನುವ ಸಂದೇಶ ಹೊರಡುತ್ತದೆ. ಅದನ್ನು ಕೇಳಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುತ್ತದೆ, ಸ್ನಾಯುವಿನ ರಿಪೇರಿ ಕೋಶಗಳು ಎಚ್ಚರಗೊಳ್ಳುತ್ತವೆ. ತಣ್ಣೀರು ಈ ಸಂದೇಶದ ದನಿಯನ್ನೇ ತಗ್ಗಿಸುತ್ತದೆ. ನೋವು ಮತ್ತು ಬೆಳವಣಿಗೆ ಒಂದೇ ಅಲ್ಲ, ನೋವು ಹೋದರೆ ಸ್ನಾಯು ಸುಧಾರಿಸಿತು ಎಂದೂ ಅಲ್ಲ. ಓಟ, ಸೈಕ್ಲಿಂಗ್‌ನಂಥ ದಮ್ಮಿನ ತರಬೇತಿಗೆ ಐಸ್‌ನಿಂದ ಇಂಥ ನಷ್ಟ ಕಂಡುಬಂದಿಲ್ಲ.

ಇನ್ನೊಂದು ಪ್ರಯೋಗ ಓದಿ ನಗು ಬಂತು. ಅದೂ ಆಸ್ಟ್ರೇಲಿಯಾದ್ದೇ. ಕೆಲವರನ್ನು ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ, ಅದಕ್ಕೆ ‘ಚೇತರಿಕೆ ಎಣ್ಣೆ’ ಅಂತ ಏನೋ ಹಾಕಿದರು. ಅದು ಮೈತೊಳೆಯುವ ದ್ರವ, ಅಷ್ಟೇ! ಆದರೂ ಅವರ ಕಾಲಿನ ಬಲ ಐಸ್‌ನವರಷ್ಟೇ ಚೇತರಿಸಿಕೊಂಡಿತು. ನಂಬಿಕೆಯದ್ದೂ ಒಂದು ಪಾಲಿದೆ, ಅಲ್ವಾ?

ಬಿಸಿ-ತಣ್ಣೀರನ್ನು ಸರದಿಯಂತೆ ಮಾಡುವುದನ್ನೂ ನೋಡಿದೆ. ಎರಡು ಟಬ್: ಒಂದರಲ್ಲಿ 38ರಿಂದ 40 ಡಿಗ್ರಿ ಬಿಸಿನೀರು, ಇನ್ನೊಂದರಲ್ಲಿ 14 ಡಿಗ್ರಿ. ಒಂದೊಂದು ನಿಮಿಷಕ್ಕೆ ಟಬ್ ಬದಲಿಸುತ್ತಾ ಒಟ್ಟು ಹದಿನೈದು ನಿಮಿಷ. ಐದನೇ ಸುತ್ತಿಗೆ ಬಿಸಿ ಟಬ್ ಆರಿ ಹೋಗಿರುತ್ತಿತ್ತು, ತಮ್ಮ ಗೀಸರಿನಿಂದ ಬಕೆಟ್ ಹೊತ್ತು ಹೊತ್ತು ಸಾಕಾದ. ಸುಮ್ನೆ ಕೂರುವುದಕ್ಕಿಂತ ವಾಸಿ ಎಂದು ಸಂಶೋಧನೆ ಹೇಳುತ್ತದೆ, ಆದರೆ ಬರೀ ತಣ್ಣೀರಿಗಿಂತ ಮೇಲು ಎಂದು ಗಟ್ಟಿಯಾಗಿ ತೋರಿಸಿಲ್ಲ. ಅಷ್ಟು ಪಾಡು ನನಗೆ ಬೇಡವೆನಿಸಿತು.

ಈಗ ಸ್ಕ್ವಾಟ್ ದಿನ ಹತ್ತು ನಿಮಿಷ ನಡೆದು, ಮನೆಗೆ ಬಂದು ಬಿಸಿನೀರು ಹೊಯ್ದುಕೊಳ್ಳುತ್ತೇನೆ. ಅದರಿಂದ ಸ್ನಾಯು ಬೆಳೆಯುತ್ತದೆ ಎಂದಲ್ಲ, ಬಿಗಿ ಸಡಿಲವಾಗಿ ನಿದ್ದೆ ಬರುತ್ತದೆ. ಮುಂದಿನ ಮೂರು ತಿಂಗಳಲ್ಲಿ ಸ್ಕ್ವಾಟ್ 90 ಮುಟ್ಟಿತು. ಆದರೆ ಆ ತಿಂಗಳುಗಳಲ್ಲಿ ಮೊಟ್ಟೆಯೂ ಜಾಸ್ತಿ ತಿಂದೆ. ಹಾಗಾಗಿ ಎಲ್ಲ ಕೀರ್ತಿಯನ್ನೂ ಐಸ್ ಬಿಟ್ಟಿದ್ದಕ್ಕೇ ಕೊಡಲಾರೆ.

ಡ್ರಮ್ ಹೊರಬರುವುದು ಹೊನಲು ಬೆಳಕಿನ ಪಂದ್ಯಾವಳಿ ಇದ್ದಾಗ ಮಾತ್ರ. ಕಳೆದ ಸಲ ಶನಿವಾರ ರಾತ್ರಿ ಎರಡು ಪಂದ್ಯ, ಭಾನುವಾರ ಬೆಳಿಗ್ಗೆ ಸೆಮಿಫೈನಲ್. ಆ ರಾತ್ರಿ ತೊಡೆ ಬೆಳೆಯಬೇಕಿರಲಿಲ್ಲ, ಬೆಳಿಗ್ಗೆ ಓಡಿದರೆ ಸಾಕಿತ್ತು. 14 ಡಿಗ್ರಿಯಲ್ಲಿ ಹತ್ತು ನಿಮಿಷ ಕೂತು, ಮೈ ಒರೆಸಿಕೊಂಡು, ಸ್ವೆಟರ್ ಹಾಕಿಕೊಂಡು ಮಲಗಿದೆ. ತಕ್ಷಣ ಬಿಸಿನೀರಿಗೆ ಹೋಗಲಿಲ್ಲ, ಹಿಂದೊಮ್ಮೆ ಹಾಗೆ ಮಾಡಿ ತಲೆ ಸುತ್ತಿತ್ತು. ಬೆಳಿಗ್ಗೆ ಮೆಟ್ಟಿಲಿಳಿಯಲು ಗೋಡೆ ಬೇಕಾಗಲಿಲ್ಲ. ಸೆಮಿಫೈನಲ್‌ನಲ್ಲಿ ಮೂರು ಪಾಯಿಂಟಿನಿಂದ ಸೋತೆವು.