ಮಾತ್ರೆ ಪಟ್ಟಿಯ ಫೋಟೋದಲ್ಲಿ ಅದು ಮೂರೋ ಎಂಟೋ?

2025ರ ಜೂನ್ ತಿಂಗಳು. "ಅತ್ತಿಗೆ, ಕನ್ನಡಕ ಹಾಕಿದ್ರೂ ಕಾಣ್ತಿಲ್ಲ. ಈ ಮಾತ್ರೆ ಅವಧಿ ಮುಗಿದಿದ್ಯಾ, ತಗೋಬಹುದಾ ನೋಡಿ ಹೇಳಿ" ಎಂದು ಸಾಗರದಿಂದ ನಾದಿನಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಫ್ಲ್ಯಾಶ್ ಹಾಕಿ ತೆಗೆದಿದ್ದಳು. ಬೆಳ್ಳಿ ಹಾಳೆಯ ಮೇಲೆ ಬಿಳಿ ಹೊಳಪು ಬಿಟ್ಟರೆ ಏನೂ ಕಾಣಲಿಲ್ಲ.

ಎಷ್ಟೋ ಪಟ್ಟಿಗಳಲ್ಲಿ ತಾರೀಕನ್ನು ಶಾಯಿಯಲ್ಲಿ ಅಚ್ಚು ಹಾಕಿರುವುದಿಲ್ಲ, ಅಂಚಿನಲ್ಲಿ ಒತ್ತಿರುತ್ತಾರೆ ಅಷ್ಟೇ. ಒತ್ತಿದ ಅಕ್ಷರ ಕಾಣುವುದು ನೆರಳಿನಿಂದ. ಬೆಳಕು ಎದುರಿಂದ ಬಿದ್ದರೆ ನೆರಳೇ ಇರುವುದಿಲ್ಲ. ಫ್ಲ್ಯಾಶ್ ಆರಿಸಿ, ಪಟ್ಟಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲಿಡಿ. ರಾತ್ರಿಯಾದರೆ ಟಾರ್ಚನ್ನು ಮೇಜಿಗೆ ತಾಗಿಸಿ ಪಕ್ಕದಿಂದ ಬಿಡಿ. ಫೋನನ್ನು ತೀರಾ ಹತ್ತಿರ ಒಯ್ದರೆ ಮಸುಕಾಗುತ್ತದೆ. ಒಂದು ಗೇಣು ಮೇಲಿಂದ ತೆಗೆದು, ಆಮೇಲೆ ದೊಡ್ಡದು ಮಾಡಿ ನೋಡಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದರೆ ಒತ್ತಿದ ಗುರುತಿನ ಹಿಂಬದಿ ನೋಡುತ್ತಿದ್ದೀರಿ ಎಂದರ್ಥ. ಪಟ್ಟಿಯನ್ನೇ ಮಗುಚಿ ಹಾಕಿ.

ನಾದಿನಿ ಹಾಗೇ ತೆಗೆದು ಕಳಿಸಿದಳು. ತಯಾರಾದದ್ದು 09/2022 ಎಂದು ಸ್ಪಷ್ಟವಾಗಿತ್ತು. ಅವಧಿ ಮುಗಿಯುವುದು ಮಾತ್ರ 03/2025ರ ಹಾಗೂ ಕಾಣುತ್ತಿತ್ತು, 08/2025ರ ಹಾಗೂ ಕಾಣುತ್ತಿತ್ತು. ಮೂರಾದರೆ ಮಾರ್ಚಿಗೇ ಮುಗಿದಿದೆ. ಎಂಟಾದರೆ ಆಗಸ್ಟ್ ಕೊನೆಯ ದಿನದವರೆಗೂ ನಡೆಯುತ್ತದೆ, ಯಾಕೆಂದರೆ ಬರೀ ತಿಂಗಳು ಹಾಕಿದ್ದರೆ ಆ ತಿಂಗಳು ಪೂರ್ತಿ ಲೆಕ್ಕ. ಮಾತ್ರೆಗಳಿಗೆ ಸಾಮಾನ್ಯವಾಗಿ ಎರಡು ಇಲ್ಲವೇ ಮೂರು ವರ್ಷದ ಅವಧಿ ಇರುತ್ತದೆ. ಸೆಪ್ಟೆಂಬರ್ 2022ರಿಂದ ಮೂರು ವರ್ಷ ಎಣಿಸಿದರೆ ಆಗಸ್ಟ್ 2025ಕ್ಕೆ ಸರಿಯಾಗಿ ಮುಗಿಯುತ್ತದೆ. ಮಾರ್ಚ್ ಎಂದರೆ ಎರಡು ವರ್ಷ ಏಳು ತಿಂಗಳು, ಅದು ಅಪರೂಪ. ಎಂಟೇ ಇರಬೇಕು ಅನ್ನಿಸಿತು. ಆದರೂ ಲೆಕ್ಕ ನಂಬಿ ಮಾತ್ರೆ ನುಂಗಿಸಲು ನನಗೆ ಮನಸ್ಸು ಬರಲಿಲ್ಲ. ಬೆಳಕನ್ನು ಎದುರು ಪಕ್ಕದಿಂದ ಬಿಟ್ಟು ಇನ್ನೊಂದು ಫೋಟೋ ತೆಗೆಸಿದೆ. ಎಂಟರ ಎಡಗಡೆಯ ಎರಡು ಹೊಟ್ಟೆ ಆಗ ಕಂಡವು. ಆಗಲೂ ಕಾಣದಿದ್ದರೆ ಆ ಪಟ್ಟಿ ಬಿಟ್ಟು ಹೊಸದು ತರಲು ಹೇಳುತ್ತಿದ್ದೆ.

ಬ್ಯಾಚ್ ನಂಬರಿಗೆ ಈ ತಿಂಗಳ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಅಕ್ಷರವೂ ಅಂಕಿಯೂ ಬೆರೆತಿರುತ್ತವೆ, ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಊಹಿಸಿ ಹೇಳಬಾರದು. ಪಕ್ಕದಲ್ಲೇ ಇರುವ ಲೈಸೆನ್ಸ್ ನಂಬರನ್ನು ಬ್ಯಾಚ್ ಎಂದುಕೊಳ್ಳುವವರೂ ಜಾಸ್ತಿ. ಲೈಸೆನ್ಸಿನದು ಪಟ್ಟಿಯ ಉಳಿದ ಬರಹದ ಜೊತೆಗೇ ಅಚ್ಚಾಗಿರುತ್ತದೆ. ಬ್ಯಾಚ್ ನಂಬರು ತಾರೀಕುಗಳ ಜೊತೆ, ಅದೇ ಒತ್ತಿನಲ್ಲಿ ಇರುತ್ತದೆ.

ಇನ್ನೊಂದು ಮಾತು. ತಾರೀಕಿರುವ ತುದಿಯಿಂದ ಮಾತ್ರೆ ಕತ್ತರಿಸಬೇಡಿ, ಇನ್ನೊಂದು ತುದಿಯಿಂದ ಶುರು ಮಾಡಿ. ಪಟ್ಟಿ ತಂದ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.